‘ಸಿಲ್ಕ್ ಸೆರಗು’ ಅಂತ ಬರೆದು ಕೈ ಸುಟ್ಟುಕೊಂಡ ಕಥೆ

ಸೀರೆ ವಾಪಸ್ ಬಂತು. ಮಡಿಕೆಯೊಳಗೆ ಒಂದು ಪುಟ್ಟ ಕಾಗದದ ಪೊಟ್ಟಣ ಇತ್ತು. ಬಿಚ್ಚಿ ನೋಡಿದರೆ ಚಿಟಿಕೆಯಷ್ಟು ಬೂದಿ, ಪಕ್ಕದಲ್ಲಿ ಸುಡದೇ ಉಳಿದ ಎರಡು ಕೆಂಪು ಎಳೆ. ಮೇಲೆ ಪೆನ್ನಿನಲ್ಲಿ ಬರೆದಿದ್ದರು: ‘ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಪೇಪರ್ ವಾಸನೆ. ನಿಮ್ಮ ವಿಡಿಯೋ ಕೆಳಗೆ ಸಿಲ್ಕ್ ಸೆರಗು ಅಂತ ಬರೆದಿದ್ದೀರಿ.’

ಮಡಿಕೇರಿಯಲ್ಲಿ ಮನೆಯ ಮುಂದಿನ ರೂಮಲ್ಲೇ ಕೈಮಗ್ಗದ ಸೀರೆ ಮಾರುತ್ತೇನೆ. ದೊಡ್ಡ ಅಂಗಡಿಯೇನಲ್ಲ, ಒಂದು ಬೀರು, ಒಂದು ಮೇಜು, ಒಂದು ಫೋನ್. ನನಗೆ ಹತ್ತಿರದಲ್ಲಿ ನೇಕಾರರ ಕೇರಿಗಳಿಲ್ಲ, ಹಾಗಾಗಿ ಸರಕು ಹೊರಗಿಂದಲೇ ಬರಬೇಕು. ನನಗೆ ಬರುವುದು ಇಳಕಲ್ಲಿನಿಂದ. ಮೈಸೂರಿನ ಒಂದು ಪ್ರದರ್ಶನದಲ್ಲಿ ಪರಿಚಯವಾದ ನೇಕಾರರೊಬ್ಬರು ಎರಡು ತಿಂಗಳಿಗೊಮ್ಮೆ ಹತ್ತು ಹನ್ನೆರಡು ಸೀರೆ ಕಳಿಸುತ್ತಾರೆ. ಅದನ್ನು ನಾನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ.

ವಿಡಿಯೋ ಮಾಡುವುದು ಕಷ್ಟ, ಕೆಳಗಿನ ವಿವರಣೆ ಸುಲಭ ಅಂದುಕೊಂಡಿದ್ದೆ. ಮೊದಲ ಸಲ ಬರೆದದ್ದು ಇಷ್ಟೇ: ‘ಸುಂದರವಾದ ಇಳಕಲ್ ಕೈಮಗ್ಗ ಸೀರೆ, ಪ್ಯೂರ್ ಕಾಟನ್, ಸಿಲ್ಕ್ ಸೆರಗು. ಬೆಲೆಗೆ ಮೆಸೇಜ್ ಮಾಡಿ.’ ಅದರ ಕೆಳಗೆ ಒಂದಿಪ್ಪತ್ತು ಹ್ಯಾಷ್‌ಟ್ಯಾಗ್. ಈ ಎರಡು ಸಾಲಿನಲ್ಲಿ ಮೂರು ತಪ್ಪಿತ್ತು. ಸರಿಮಾಡಲು ನನಗೆ ಸುಮಾರು ಆರು ತಿಂಗಳು ಬೇಕಾಯಿತು.

ಬೂದಿ ಪೊಟ್ಟಣ ಬಂದ ದಿನವೇ ನೇಕಾರರಿಗೆ ಫೋನ್ ಮಾಡಿದೆ. ನನಗೆ ಸಿಟ್ಟು ಬಂದಿತ್ತು, ಅವರಿಗೆ ಆಶ್ಚರ್ಯ. “ಅಕ್ಕಾರ, ನಾ ಚಮಕಾ ಅಂತ ಹೇಳಿದ್ದೆ ಅಲ್ರೀ? ಪ್ಯೂರ್ ರೇಷ್ಮಿ ಬೇಕಂದ್ರ ರೇಟ್ ಬ್ಯಾರೆ ಆಕ್ಕೈತ್ರಿ” ಅಂದರು. ನಿಜ, ಹೇಳಿದ್ದರು. ಚಮಕಾ ಅಂದರೆ ಹೊಳೆಯುವುದು, ಹೊಳೆಯುವುದು ಅಂದರೆ ರೇಷ್ಮೆ ಅಂತ ನಾನೇ ಅರ್ಥ ಮಾಡಿಕೊಂಡಿದ್ದೆ. ಇಳಕಲ್ ಕಡೆ ಚಮಕಾ ಅಂದರೆ ಆರ್ಟ್ ಸಿಲ್ಕ್. ಆ ‘ಆರ್ಟ್’ ಕಲೆ ಅಲ್ಲ, ಆರ್ಟಿಫಿಶಿಯಲ್ ಅನ್ನುವುದರ ತುಂಡು. ಅದು ರೇಯಾನ್ ನೂಲು, ವಿಸ್ಕೋಸ್ ಅಂತಲೂ ಕರೆಯುತ್ತಾರೆ. ಮರದ ತಿರುಳಿನಂಥದ್ದರಿಂದ ತೆಗೆದ ಎಳೆ, ರೇಷ್ಮೆ ಹುಳಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾಗದವೂ ಮರದ ತಿರುಳೇ ತಾನೇ, ಅದಕ್ಕೇ ಸುಟ್ಟರೆ ಪೇಪರ್ ವಾಸನೆ.

ಆ ಗ್ರಾಹಕರ ಹಣ ವಾಪಸ್ ಹಾಕಿದೆ. ಆಮೇಲೆ ಸೆರಗಿನ ತುದಿಯ ಕುಚ್ಚಿನಿಂದ ಎಳೆ ಕಿತ್ತು ನಾನೂ ಸುಟ್ಟು ನೋಡಿದೆ. ಹೋಲಿಸಲು ಅತ್ತೆಯ ಹಳೆಯ ರೇಷ್ಮೆ ಸೀರೆಯಿಂದ ಒಂದು ಎಳೆ, ಒಡಲಿನ ಹತ್ತಿಯದು ಒಂದು ಎಳೆ, ಯಾವುದೋ ಪಾಲಿಯೆಸ್ಟರ್ ದುಪಟ್ಟಾದ್ದು ಒಂದು. ರೇಷ್ಮೆ ಎಳೆ ನಿಧಾನಕ್ಕೆ ಸುರುಟಿಕೊಂಡು ಕೂದಲು ಸುಟ್ಟ ವಾಸನೆ ಕೊಟ್ಟಿತು, ತುದಿಯಲ್ಲಿ ಉಳಿದ ಕಪ್ಪು ಗುಳಿಗೆ ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಯಿತು, ಒತ್ತಿದರೂ ಒಡೆಯಲಿಲ್ಲ. ಚಮಕಾ ಮತ್ತು ಹತ್ತಿ ಮಾತ್ರ ಥೇಟ್ ಒಂದೇ ಥರ, ಭರ್ರನೆ ಉರಿದು ಮೆತ್ತನೆ ಬೂದಿ. ಅಂದರೆ ಸುಟ್ಟು ನೋಡಿ ರೇಷ್ಮೆ ಅಲ್ಲ ಅಂತ ಹೇಳಬಹುದು, ಆದರೆ ಹತ್ತಿಯೋ ರೇಯಾನೋ ಅಂತ ಹೇಳಲಾಗದು. ಅದಕ್ಕೆ ಕಣ್ಣೇ ಬೇಕು. ರೇಯಾನ್ ಎಳೆ ಉದ್ದಕ್ಕೂ ನುಣ್ಣಗೆ ಹೊಳೆಯುತ್ತದೆ, ಹತ್ತಿ ನೂಲಿನಲ್ಲಿ ಸಣ್ಣ ಸಣ್ಣ ರೋಮ ಎದ್ದಿರುತ್ತದೆ. ಒದ್ದೆ ಮಾಡಿ ಎಳೆದರೂ ಗೊತ್ತಾಗುತ್ತದೆ. ರೇಯಾನ್ ಒದ್ದೆಯಾದಾಗ ಶಕ್ತಿ ಕಳೆದುಕೊಂಡು ಪಟ್ಟನೆ ಕಡಿದು ಹೋಗುತ್ತದೆ, ಹತ್ತಿ ಹಾಗಲ್ಲ.

ಈ ಕೊನೆಯ ಮಾತು ನನಗೆ ಇನ್ನೊಂದು ದೂರನ್ನು ನೆನಪು ಮಾಡಿತು. ಅದಕ್ಕೆ ಮುಂಚೆ ಸೋಮವಾರಪೇಟೆಯ ಒಬ್ಬರು ‘ಎರಡನೇ ಒಗೆತಕ್ಕೇ ಸೆರಗು ಹರಿಯಿತು’ ಅಂತ ಹೇಳಿದ್ದರು. ಅವರು ಒಗೆದು ಹಿಂಡಿದ ರೀತಿ ಸರಿ ಇಲ್ಲ ಅಂತ ನಾನು ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಅವರೇನು ಮಾಡಬೇಕಿತ್ತು? ಕಾಟನ್ ಅಂತ ನಾನೇ ಬರೆದಿದ್ದೆ, ಕಾಟನ್ ಸೀರೆಯನ್ನು ಹಿಂಡುವ ಹಾಗೆ ಅವರು ಹಿಂಡಿದರು.

ಅಲ್ಲಿಂದ ಬಟ್ಟೆಯ ವಿವರವನ್ನು ಭಾಗ ಭಾಗವಾಗಿ ಬರೆಯಲು ಶುರು ಮಾಡಿದೆ. ಸೀರೆಗೆ ಒಡಲು, ಅಂಚು, ಸೆರಗು ಅಂತ ಮೂರು ಭಾಗ. ಪ್ರತಿ ಭಾಗಕ್ಕೂ ಹಾಸು ಒಂದು, ಹೊಕ್ಕು ಒಂದು. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಕಟ್ಟಿರುವ ಎಳೆ, ಹೊಕ್ಕು ಅಂದರೆ ಲಾಳಿಯಲ್ಲಿ ಅಡ್ಡ ಹಾಯುವ ಎಳೆ. ನೇಕಾರರನ್ನು ಫೋನಲ್ಲಿ ಕೂರಿಸಿಕೊಂಡು ಒಂದೊಂದೇ ಕೇಳಿದೆ. ಒಡಲಿನ ಹಾಸು ಹತ್ತಿ, ಹೊಕ್ಕೂ ಹತ್ತಿ. ಅಂಚಿನ ಹಾಸು ಆರ್ಟ್ ಸಿಲ್ಕ್. ಸೆರಗಿನ ಹಾಸೂ ಹೊಕ್ಕೂ ಎರಡೂ ಆರ್ಟ್ ಸಿಲ್ಕ್. ಅಲ್ಲಿಗೆ ‘ಪ್ಯೂರ್ ಕಾಟನ್’ ಅನ್ನುವ ನನ್ನ ಇನ್ನೊಂದು ಮಾತೂ ಬಿದ್ದು ಹೋಯಿತು. ಒಡಲು ಮಾತ್ರ ಕಾಟನ್, ಸೀರೆ ಪೂರ್ತಿ ಅಲ್ಲ.

ನೂಲಿನ ನಂಬರ್ ಕೇಳಿದ್ದಕ್ಕೆ 80 ಅಂದರು. ಇದನ್ನು ಬರೆಯಬೇಕೋ ಬೇಡವೋ ಅಂತ ತುಂಬ ಯೋಚಿಸಿದೆ. 840 ಗಜಕ್ಕೆ ಒಂದು ಲಡಿ, ಅಂಥ ಎಷ್ಟು ಲಡಿ ಸೇರಿದರೆ ಒಂದು ಪೌಂಡ್ ತೂಗುತ್ತದೋ ಅದೇ ಹತ್ತಿ ನೂಲಿನ ನಂಬರ್. ಹಾಗಾಗಿ ನಂಬರ್ ಜಾಸ್ತಿ ಆದಷ್ಟೂ ಎಳೆ ತೆಳು. ಆದರೆ ಜನ ಇದನ್ನು ಬೆಡ್‌ಶೀಟಿನ ಥ್ರೆಡ್ ಕೌಂಟ್ ಅಂದುಕೊಳ್ಳುತ್ತಾರೆ. ‘ನನ್ನ ಬೆಡ್‌ಶೀಟೇ 300, ನಿಮ್ಮ ಸೀರೆ ಬರೀ 80ರದ್ದಾ’ ಅಂತ ಒಬ್ಬರು ಕೇಳಿಯೇಬಿಟ್ಟರು. ಅದು ಒಂದು ಚದರ ಇಂಚಿನಲ್ಲಿ ಎಷ್ಟು ಎಳೆ ಅನ್ನುವ ಲೆಕ್ಕ, ಇದು ಎಳೆಯ ಸಣ್ಣತನದ ಲೆಕ್ಕ. ಈಗ ‘80ರ ನೂಲು, ತೆಳು, ಆದರೆ ಮೈ ಕಾಣುವಷ್ಟಲ್ಲ’ ಅಂತ ಬರೆಯುತ್ತೇನೆ. ವಿಡಿಯೋದಲ್ಲಿ ಬಟ್ಟೆಯ ಹಿಂದೆ ಅಂಗೈ ಇಟ್ಟು ತೋರಿಸುತ್ತೇನೆ. ನಂಬರಿಗಿಂತ ಅಂಗೈ ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಕೊಂಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ನಾನು ಕೇಳುವ ಬೆಲೆ ನಿಂತಿರುವುದೇ ಇದರ ಮೇಲೆ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಸು ಬೇರೆ ಬೇರೆ. ಒಡಲಿನ ಹಾಸಿನ ಪ್ರತಿ ಎಳೆಯ ತುದಿಯನ್ನೂ ಸೆರಗಿನ ಹಾಸಿನ ಎಳೆಗೆ ಕುಣಿಕೆ ಹಾಕಿ ಸೇರಿಸಬೇಕು. ಇಡೀ ಅಗಲಕ್ಕೆ ಎಷ್ಟು ಎಳೆ ಇದೆಯೋ ಅಷ್ಟೂ ಕುಣಿಕೆ, ಕೈಯಲ್ಲೇ. ಇದನ್ನೇ ಕೊಂಡಿ ಅನ್ನುವುದು. ಇದರಿಂದ ಏನಾಗುತ್ತದೆ ಅಂದರೆ ಸೆರಗಿನ ಕೆಂಪು ಅಪ್ಪಟ ಕೆಂಪಾಗಿ ಬರುತ್ತದೆ. ಹಾಸೂ ಕೆಂಪು, ಹೊಕ್ಕೂ ಕೆಂಪು. ಕೊಂಡಿ ಹಾಕದೆ ಒಂದೇ ಹಾಸಿನಲ್ಲಿ ನೇಯ್ದರೆ ಒಡಲಿನ ಹಸಿರೋ ನೀಲಿಯೋ ಸೆರಗಿನ ಒಳಗೂ ಓಡುತ್ತದೆ, ಮೇಲೆ ಎಷ್ಟೇ ಕೆಂಪು ಹೊಕ್ಕು ಹಾಕಿದರೂ ಒಂಥರಾ ಮಂಕು. ಜಾತ್ರೆಯಲ್ಲಿ ಕಮ್ಮಿ ಬೆಲೆಗೆ ಸಿಗುವ ಪವರ್‌ಲೂಮ್ ಸೀರೆಗಳಲ್ಲಿ ಸೆರಗಿನ ಬಟ್ಟೆಯನ್ನು ಸ್ವಲ್ಪ ಎಳೆದು ಬೆಳಕಿಗೆ ಹಿಡಿದು ನೋಡಿ, ಗೊತ್ತಾಗುತ್ತದೆ.

ಮೊದಲ ವಿಡಿಯೋದಲ್ಲಿ ನಾನು ಇದನ್ನು ತೋರಿಸಿಯೇ ಇರಲಿಲ್ಲ! ಸೆರಗು ಬೀಸಿ, ತಿರುಗಿಸಿ, ಹಿನ್ನೆಲೆಗೆ ಮ್ಯೂಸಿಕ್ ಹಾಕಿ ಮುಗಿಸಿದ್ದೆ. ‘ಇದೇ ಸೀರೆ ಸಂತೆಯಲ್ಲಿ 700ಕ್ಕೆ ಸಿಗುತ್ತೆ’ ಅಂತ ಕಮೆಂಟ್ ಬಂದರೆ ಉತ್ತರ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಎರಡನೇ ಸಲ ಒಡಲೂ ಸೆರಗೂ ಸೇರುವ ಗೆರೆಗೆ ಫೋನನ್ನು ಒಂದು ಗೇಣು ಹತ್ತಿರ ಹಿಡಿದು, ಹಿಂಭಾಗ ತಿರುಗಿಸಿ, ಬೆರಳಾಡಿಸಿ ತೋರಿಸಿದೆ. ಅಲ್ಲಿ ಸಣ್ಣಗೆ ತರಿತರಿಯಾಗಿ ಸಿಗುತ್ತದೆ. ವಿವರಣೆಯಲ್ಲಿ ಆ ಸಮಯವನ್ನೂ ಬರೆದೆ: ‘1:40 ಕೊಂಡಿ ಹತ್ತಿರದಿಂದ’.

ಹೀಗೆ ಸಮಯ ಬರೆದರೆ ಯೂಟ್ಯೂಬ್ ಅದನ್ನು ಅಧ್ಯಾಯಗಳಾಗಿ ಒಡೆದು ತೋರಿಸುತ್ತದೆ, ಒತ್ತಿದರೆ ನೇರ ಅಲ್ಲಿಗೇ ಹೋಗಬಹುದು. ನನಗೆ ಮೊದಲ ಸಲ ಹಾಗೆ ಬರಲಿಲ್ಲ. ಯಾಕೆಂದು ಹುಡುಕಿದರೆ, ಪಟ್ಟಿ 0:00ಯಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಸಮಯ ಇರಬೇಕು, ಪ್ರತಿಯೊಂದು ಭಾಗವೂ ಹತ್ತು ಸೆಕೆಂಡಾದರೂ ಇರಬೇಕು. ನಾನು 0:05ರಿಂದ ಶುರು ಮಾಡಿದ್ದೆ. ನಮಸ್ಕಾರ ಹೇಳಿದ್ದನ್ನು ಯಾರು ನೋಡುತ್ತಾರೆ ಅಂತ ಬಿಟ್ಟಿದ್ದೆ.

ಸೆರಗಿನ ಹೆಸರನ್ನೂ ಸೇರಿಸಿದೆ, ತೋಪು ತೆನೆ. ಕೆಂಪಿನ ನಡುವೆ ಬಿಳಿಯಲ್ಲಿ ಜೋಳದ ತೆನೆಯಂಥ ಆಕಾರ, ಬಾಚಣಿಗೆಯ ಹಲ್ಲಿನಂಥ ಆಕಾರ, ಕೋಟೆಯ ತೆನೆಯಂಥ ಆಕಾರ ಬರುತ್ತದೆ. ಇದನ್ನು ಬರೆದ ಮೇಲೆ ಬೆಂಗಳೂರಿನಲ್ಲಿರುವ ಉತ್ತರ ಕರ್ನಾಟಕದವರು ಹುಡುಕಿಕೊಂಡು ಬಂದರು. ಹ್ಯಾಂಡ್‌ಲೂಮ್ ಮಾರ್ಕ್ ಅನ್ನುವ ಮಾತನ್ನು ಮಾತ್ರ ಸೀರೆಯ ಮೇಲೆ ಆ ಲೇಬಲ್ ಇದ್ದರಷ್ಟೇ ಬರೆಯುತ್ತೇನೆ. ಹಿಂದೆ ಎಲ್ಲದಕ್ಕೂ ಸುಮ್ನೆ ಹ್ಯಾಷ್‌ಟ್ಯಾಗ್ ಹಾಕುತ್ತಿದ್ದೆ. ಸಿಲ್ಕ್ ಮಾರ್ಕ್ ಅಂತಲೂ ಹಾಕಿದ್ದೆ, ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಅದು ಅಪ್ಪಟ ರೇಷ್ಮೆಗೆ ಕೊಡುವ ಗುರುತು.

ಅಳತೆ ವಿಷಯದಲ್ಲಿ ನನ್ನನ್ನು ತಿದ್ದಿದ್ದು ವಿರಾಜಪೇಟೆಯ ಒಬ್ಬ ಕೊಡವ ಆಂಟಿ. ಫೋನ್ ಮಾಡಿ, “ನೋಡಮ್ಮಾ, ನಮ್ಮ ಥರ ಉಟ್ಟರೆ ಈ ಸೆರಗು ಎಲ್ಲಿ ಬರುತ್ತೆ? ನೀನು ತೋರಿಸೋದೆಲ್ಲಾ ಎಡ ಭುಜದ ಮೇಲೆ” ಅಂದರು. ಹೌದಲ್ವಾ! ಕೊಡವ ಶೈಲಿಯಲ್ಲಿ ನೆರಿಗೆ ಹಿಂದೆ ಹೋಗುತ್ತದೆ, ಸೆರಗು ಎಡಗೈ ಕೆಳಗಿಂದ ಎದೆ ಮೇಲೆ ಹಾದು ಬಲ ಭುಜದಲ್ಲಿ ನಿಲ್ಲುತ್ತದೆ. ಇಳಕಲ್ಲಿನಂಥ ದೊಡ್ಡ ಕೆಂಪು ಸೆರಗು ಬೆನ್ನ ಮೇಲೆ ಇಳಿಬಿದ್ದು ಕಾಣುವ ಹಾಗೆ ಇಲ್ಲಿ ಕಾಣುವುದಿಲ್ಲ. ಕೊಡಗಿನಲ್ಲಿ ಕೂತು ಸೀರೆ ಮಾರುತ್ತಾ ಇಷ್ಟು ದಿನ ಇದು ನನಗೆ ಹೊಳೆದೇ ಇರಲಿಲ್ಲ. ಮುಂದಿನ ವಿಡಿಯೋಗೆ ನಾದಿನಿಯ ಗೆಳತಿಯನ್ನು ಕರೆದು ಎರಡೂ ರೀತಿ ಉಡಿಸಿ ತೋರಿಸಿದೆ. ಆ ಹುಡುಗಿ ಐದು ಅಡಿ ಐದು ಇಂಚು. ಅವಳ ಎತ್ತರವನ್ನೂ ವಿವರಣೆಯಲ್ಲಿ ಬರೆದೆ, ಇಲ್ಲದಿದ್ದರೆ ಉದ್ದ ಅಗಲದ ಅಂದಾಜು ಯಾರಿಗೂ ಸಿಗುವುದಿಲ್ಲ.

ಆರು ಗಜ ಅಂತ ನೇಕಾರರು ಹೇಳಿದ್ದನ್ನೇ ಬರೆಯುತ್ತಿದ್ದವಳು ಅವತ್ತು ಟೇಪ್ ಹಿಡಿದೆ. ಆರು ಗಜ ಅಂದರೆ ಹೆಚ್ಚು ಕಡಿಮೆ 5.5 ಮೀಟರ್. ಒಂದು ಸೀರೆ 5.5 ಬಂತು, ಇನ್ನೊಂದು 5.4. ಕೈಯಲ್ಲಿ ನೇಯ್ದದ್ದು, ಸ್ವಲ್ಪ ಆಚೆ ಈಚೆ ಆಗುತ್ತದೆ. ಈಗ ಪ್ರತಿ ಸೀರೆಯನ್ನೂ ಅಳೆದೇ ಬರೆಯುತ್ತೇನೆ. ನನ್ನ ಹತ್ತಿರ ಬರುವ ಸೀರೆಗೆ ಬ್ಲೌಸ್ ಪೀಸ್ ಇರುವುದಿಲ್ಲ. ಇಳಕಲ್ಲಿಗೆ ಗುಳೇದಗುಡ್ಡದ ಖಣ ಹೊಲಿಸಿ ಹಾಕುವುದು ಆ ಕಡೆ ರೂಢಿ. ‘ಬ್ಲೌಸ್ ಪೀಸ್ ಇಲ್ಲ’ ಅನ್ನುವುದನ್ನು ಕೊನೆಯಲ್ಲಿ ಸಣ್ಣದಾಗಿ ಬರೆದು ನಾಲ್ಕು ಸಲ ಬೈಸಿಕೊಂಡ ಮೇಲೆ ಮೇಲಕ್ಕೆ ತಂದೆ.

ಬಣ್ಣದ ಕಷ್ಟ ಮಡಿಕೇರಿಯವರಿಗೆ ಮಾತ್ರ ಅರ್ಥವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಕೇ ಇಲ್ಲ. ಮಂಜು, ಮಳೆ, ಕರೆಂಟ್ ಇಲ್ಲ. ಟ್ಯೂಬ್‌ಲೈಟ್ ಕೆಳಗೆ ತೆಗೆದ ನವಿಲು ಹಸಿರು ಫೋನಲ್ಲಿ ನೀಲಿಯಾಗಿ ಕಂಡಿತು. ಸೀರೆ ಕೈಗೆ ಬಂದ ಮೇಲೆ ‘ನಾನು ನೀಲಿ ಕೇಳಿದ್ದು’ ಅಂತ ಒಬ್ಬರು ಬೇಜಾರು ಮಾಡಿಕೊಂಡರು. ಈಗ ಬಿಸಿಲು ಬಿದ್ದ ದಿನ ನೋಡಿಕೊಂಡು, ಅಣ್ಣನ ತೋಟಕ್ಕೆ ಹೋಗಿ ಕಾಫಿ ಒಣಗಿಸುವ ಕಣದಲ್ಲಿ ಹಾಸಿ ತೆಗೆಯುತ್ತೇನೆ. ಕಣದ ಸಿಮೆಂಟ್ ಬೂದು ಬಣ್ಣದ್ದು, ಪಕ್ಕದಲ್ಲಿ ಒಂದು ಬಿಳಿ ಪಂಚೆ ಇಟ್ಟರೆ ಫೋನ್ ಕೂಡ ಬಣ್ಣ ತಪ್ಪುವುದು ಕಮ್ಮಿ. ಬರೆಯುವಾಗ ಬಣ್ಣದ ಹೆಸರಿನ ಜೊತೆ ಒಂದು ಹೋಲಿಕೆ ಕೊಡುತ್ತೇನೆ: ‘ಕಡು ಹಸಿರು, ಮೆಣಸಿನ ಬಳ್ಳಿಯ ಬಲಿತ ಎಲೆಯ ಹಾಗೆ’. ಬೆಂಗಳೂರಿನವರಿಗೆ ಮೆಣಸಿನ ಎಲೆ ಗೊತ್ತಿಲ್ಲದೆ ಇರಬಹುದು, ಅವರಿಗೆ ವೀಳ್ಯದೆಲೆಗಿಂತ ಕಡು ಅಂತ ಹೇಳುತ್ತೇನೆ.

‘ಕಲರ್ ಗ್ಯಾರಂಟಿ’ ಅನ್ನುವ ಮಾತನ್ನೂ ತೆಗೆದುಬಿಟ್ಟೆ. ಅದರ ಬದಲು ಬಿಳಿ ಕರ್ಚೀಫು ಒದ್ದೆ ಮಾಡಿ ಸೆರಗಿನ ಮೂಲೆಗೆ ಐದು ನಿಮಿಷ ಒತ್ತಿ ಹಿಡಿಯುತ್ತೇನೆ. ಕೆಂಪು ಬಿಟ್ಟರೆ ‘ಈ ಸೀರೆಯ ಕೆಂಪು ಮೊದಲ ಒಗೆತಗಳಲ್ಲಿ ಬಿಡುತ್ತದೆ, ನೆನೆಸಿಡಬೇಡಿ, ಸೆರಗನ್ನು ಒಡಲಿನ ಮೇಲೆ ಮಡಚಿ ಒದ್ದೆಯಾಗಿ ಇಡಬೇಡಿ’ ಅಂತ ಬರೆಯುತ್ತೇನೆ. ಬಿಡದಿದ್ದರೆ ಬಿಡಲಿಲ್ಲ ಅಂತ. ನಾನು ನೋಡಿದ್ದಷ್ಟೇ.

ಈಗ ಬೆಲೆ. ‘ಬೆಲೆಗೆ ಮೆಸೇಜ್ ಮಾಡಿ’ ಅಂತ ಹಾಕಿದಾಗ ಕಮೆಂಟ್ ತುಂಬಾ ‘ರೇಟ್ ಪ್ಲೀಸ್’, ‘ಎಷ್ಟು ಅಕ್ಕ’. ಒಬ್ಬೊಬ್ಬರಿಗೂ ಉತ್ತರ ಹೇಳಿ ಸುಸ್ತಾಗುತ್ತಿತ್ತು, ಹತ್ತರಲ್ಲಿ ಎಂಟು ಜನ ಬೆಲೆ ಕೇಳಿ ಸುಮ್ಮನಾಗುತ್ತಿದ್ದರು. ಬೆಲೆ ಮುಚ್ಚಿಟ್ಟರೆ ಮೋಸ ಇದೆ ಅಂತ ಅನುಮಾನವೂ ಬರುತ್ತದೆ. ಸರಿ ಅಂತ ಎರಡನೇ ವಿಡಿಯೋದಲ್ಲಿ ಬಾಯಲ್ಲೇ ಹೇಳಿಬಿಟ್ಟೆ, “ಬೆಲೆ 2,450 ರೂಪಾಯಿ” ಅಂತ. ಅದು ಇನ್ನೂ ದೊಡ್ಡ ತಪ್ಪು. ಎರಡು ತಿಂಗಳಿಗೆ ನೂಲಿನ ಬೆಲೆ ಏರಿತು, ನೇಕಾರರು 200 ರೂಪಾಯಿ ಜಾಸ್ತಿ ಕೇಳಿದರು, ವಿಡಿಯೋ ಮಾತ್ರ ಹಳೇ ಬೆಲೆಯನ್ನೇ ಹೇಳುತ್ತಾ ಕೂತಿತ್ತು. ನೋಡಿದವರು ‘ನೀವೇ ಹೇಳಿದ್ದೀರಲ್ಲ’ ಅಂತ ಜಗಳ. ಮೂರು ಸೀರೆಯನ್ನು ಹಳೆಯ ಬೆಲೆಗೇ ಕೊಟ್ಟೆ, ಏನು ಮಾಡುವುದು.

ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ತುಣುಕನ್ನು ಕತ್ತರಿಸಲು ಆಗುತ್ತದೆ, ವಿಡಿಯೋ ಮತ್ತೆ ಹಾಕಬೇಕಾಗಿಲ್ಲ. ಹನ್ನೆರಡು ಸೆಕೆಂಡ್ ಕತ್ತರಿಸಿದೆ. ಆಮೇಲೆ ನೋಡಿದರೆ ವಿವರಣೆಯಲ್ಲಿ ಬರೆದಿದ್ದ ಸಮಯಗಳೆಲ್ಲಾ ಹನ್ನೆರಡು ಸೆಕೆಂಡ್ ಮುಂದಕ್ಕೆ ತಪ್ಪಿದ್ದವು! ಕೊಂಡಿ ಅಂತ ಒತ್ತಿದರೆ ನನ್ನ ಮೊಣಕೈ ಬರುತ್ತಿತ್ತು. ಮತ್ತೆ ಕೂತು ಎಲ್ಲ ತಿದ್ದಿದೆ. ಅಂದಿನಿಂದ ಬಾಯಲ್ಲಿ ಬೆಲೆ ಹೇಳುವುದಿಲ್ಲ, “ಬೆಲೆ ಕೆಳಗೆ ಮೊದಲ ಸಾಲಿನಲ್ಲೇ ಇದೆ” ಅಂತಷ್ಟೇ ಹೇಳುತ್ತೇನೆ. ಬರೆದದ್ದನ್ನು ಯಾವಾಗ ಬೇಕಾದರೂ ತಿದ್ದಬಹುದು.

ಆ ಬೆಲೆ ಹೇಗೆ ಕಟ್ಟಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ನೇಕಾರರಿಗೆ 2,050. ಇಳಕಲ್ಲಿನಿಂದ ಬರುವ ಗಂಟಿನ ಸಾಗಣೆಯಲ್ಲಿ ಒಂದು ಸೀರೆಯ ಪಾಲು 60. ಕವರ್, ಪ್ಯಾಕಿಂಗ್ 25. ಅಂಚೆಗೆ ಸರಾಸರಿ 100 ಇಟ್ಟುಕೊಂಡಿದ್ದೇನೆ. ಅಲ್ಲಿಗೆ 2,235 ಆಯಿತು. ಮಾರುವುದು 2,650ಕ್ಕೆ, ನನಗೆ ಉಳಿಯುವುದು 415. ಒಂದು ಸೀರೆ ವಾಪಸ್ ಬಂದರೆ ಎರಡೂ ಕಡೆಯ ಅಂಚೆ ನನ್ನ ತಲೆಗೆ, ಸುಮಾರು ಅರ್ಧ ಲಾಭ ಹೋಯಿತು. ‘ಸಿಲ್ಕ್’ ಅನ್ನುವ ಒಂದು ಪದದ ಬೆಲೆ ನನಗೆ ಗೊತ್ತಾಗಿದ್ದು ಈ ಲೆಕ್ಕದಿಂದಲೇ. ಅಪ್ಪಟ ರೇಷ್ಮೆ ಸೆರಗಿನದನ್ನು ಆಮೇಲೆ ಬೇರೆಯಾಗಿ ತರಿಸಿದೆ, ಅದು 4,900. ಎರಡನ್ನೂ ಒಂದೇ ವಿಡಿಯೋದಲ್ಲಿ ಪಕ್ಕ ಪಕ್ಕ ಇಟ್ಟು ತೋರಿಸಿದ ಮೇಲೆ ಯಾರೂ ‘ಇದು ಯಾಕೆ ಕಮ್ಮಿ, ಅದು ಯಾಕೆ ಜಾಸ್ತಿ’ ಅಂತ ಕೇಳಲಿಲ್ಲ.

ಮೊದಲ ಸಾಲು ಅಂತ ಯಾಕೆ ಹೇಳುತ್ತೇನೆ ಅಂದರೆ, ಫೋನಲ್ಲಿ ವಿವರಣೆಯ ಶುರುವಿನ ಒಂದೆರಡು ಸಾಲು ಮಾತ್ರ ಕಾಣುವುದು. ಉಳಿದದ್ದು ಒತ್ತಿದರೆ ಮಾತ್ರ. ಒಟ್ಟು 5,000 ಅಕ್ಷರ ಬರೆಯಲು ಜಾಗ ಇದೆ, ಆದರೆ ಒತ್ತುವವರು ಎಷ್ಟು ಜನ? ಹಾಗಾಗಿ ಬಟ್ಟೆ, ಬೆಲೆ, ಸ್ಟಾಕ್ ಇದೆಯೋ ಇಲ್ಲವೋ, ಈ ಮೂರು ಮೇಲೆ. ‘ನಮ್ಮ ಚಾನೆಲ್‌ಗೆ ಸ್ವಾಗತ’ ಅನ್ನುವುದನ್ನು ಅಳಿಸಿ ಹಾಕಿದೆ. ಅದೇ ಮೂರು ಸಾಲನ್ನು ಕಮೆಂಟಿನಲ್ಲೂ ಹಾಕಿ ಪಿನ್ ಮಾಡುತ್ತೇನೆ.

ಆರ್ಡರ್ ಮಾಡುವ ಕ್ರಮಕ್ಕೆ ಬಂದರೆ, ಅಲ್ಲಿ ಆದ ಎಡವಟ್ಟು ಇನ್ನೊಂದು ಥರ. ನನ್ನ ಹತ್ತಿರ ಒಂದೊಂದು ಬಣ್ಣಕ್ಕೆ ಒಂದೇ ಸೀರೆ. ವಿಡಿಯೋ ಕೊನೆಯಲ್ಲಿ ಹಣ ಹಾಕುವ ಕ್ಯುಆರ್ ಕೋಡ್ ತೋರಿಸಿದ್ದೆ, ಸುಲಭ ಆಗಲಿ ಅಂತ. ಒಂದು ಭಾನುವಾರ ಬೆಳಿಗ್ಗೆ ಒಂದೇ ದಾಳಿಂಬೆ ಕೆಂಪು ಸೀರೆಗೆ ಇಬ್ಬರು ಹಣ ಹಾಕಿದ್ದರು, ಹತ್ತು ನಿಮಿಷದ ಅಂತರದಲ್ಲಿ. ಒಬ್ಬರಿಗೆ ವಾಪಸ್ ಕಳಿಸಿ ಕ್ಷಮೆ ಕೇಳಿದೆ, ಆದರೂ ‘ಬೇರೆಯವರಿಗೆ ಜಾಸ್ತಿಗೆ ಕೊಟ್ಟಿರುತ್ತಾರೆ’ ಅಂತ ಅವರು ಕಮೆಂಟ್ ಹಾಕಿದರು. ಕ್ಯುಆರ್ ಭಾಗವನ್ನೂ ಕತ್ತರಿಸಿದೆ. ಇನ್ನೊಬ್ಬರು ಹಣ ಹಾಕಿದ ಸ್ಕ್ರೀನ್‌ಶಾಟ್ ಕಳಿಸಿದರು, ನಾನು ಅವತ್ತೇ ಪಾರ್ಸೆಲ್ ಮಾಡಿದೆ, ಖಾತೆಗೆ ಹಣ ಬಂದೇ ಇರಲಿಲ್ಲ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ತಿದ್ದಬಹುದು. ಈಗ ಬ್ಯಾಂಕಿನ ಖಾತೆ ತೆರೆದು ನೋಡಿದ ಮೇಲೆಯೇ ಅಂಚೆ ಕಚೇರಿ ದಾರಿ.

ಈಗಿನ ಕ್ರಮ ಹೀಗೆ. ಪ್ರತಿ ಸೀರೆಗೂ ಒಂದು ಚೀಟಿಯಲ್ಲಿ ನಂಬರ್ ಬರೆದು ಪಕ್ಕದಲ್ಲಿ ಇಟ್ಟು ತೆಗೆಯುತ್ತೇನೆ. ಗ್ರಾಹಕರು ಆ ನಂಬರನ್ನು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ನಾನು ‘ಇದೆ’ ಅಂತ ಹೇಳಿ ಆಗಲೇ ತೆಗೆದ ಒಂದು ಫೋಟೋ ಕಳಿಸುತ್ತೇನೆ, ಆ ಸೀರೆಯನ್ನು ಸಂಜೆ ತನಕ ಅವರಿಗಾಗಿ ಎತ್ತಿಡುತ್ತೇನೆ. ಹಣ ಹಾಕುವುದು ಅದಾದ ಮೇಲೆ. ಆಮೇಲೆ ಪಿನ್ ಕೋಡ್ ಸಮೇತ ವಿಳಾಸ. ಅಂಚೆಗೆ ಹಾಕಿದ ದಿನವೇ ಟ್ರ್ಯಾಕಿಂಗ್ ನಂಬರ್. ವಾಟ್ಸಾಪ್ ಲಿಂಕನ್ನು ಮೊದಲು ತಪ್ಪಾಗಿ ಬರೆದಿದ್ದೆ, ನಂಬರಿನ ಮುಂದೆ ಸೊನ್ನೆ ಹಾಕಿದ್ದೆ, ಒತ್ತಿದರೆ ತೆರೆಯುತ್ತಿರಲಿಲ್ಲ. ದೇಶದ 91 ಇರಬೇಕು, ಪ್ಲಸ್, ಮುಂದಿನ ಸೊನ್ನೆ, ಅಡ್ಡಗೆರೆ, ಖಾಲಿ ಜಾಗ ಏನೂ ಇರಬಾರದು:

```
https://wa.me/91XXXXXXXXXX?text=saree%202
```

ಕೊನೆಯ ಭಾಗದಿಂದ ಮೆಸೇಜ್ ತಾನಾಗಿಯೇ ಬರೆದುಕೊಂಡಿರುತ್ತದೆ, `%20` ಅಂದರೆ ಖಾಲಿ ಜಾಗ. ಇದೇ ಲಿಂಕನ್ನು ಶಾರ್ಟ್ಸ್ ಕೆಳಗೆ ಹಾಕಿದರೆ ಪ್ರಯೋಜನವಿಲ್ಲ, 2023ರ ಆಗಸ್ಟ್ ಕೊನೆಯಿಂದ ಅಲ್ಲಿ ಲಿಂಕುಗಳನ್ನು ಒತ್ತಲು ಬರುವುದಿಲ್ಲ. ಹಾಗಾಗಿ ಶಾರ್ಟ್ಸ್‌ನಿಂದ ದೊಡ್ಡ ವಿಡಿಯೋಗೆ ದಾರಿ ಕೊಡುತ್ತೇನೆ, ಅಷ್ಟೇ.

ಕಳೆದ ಸಲದ ವಿವರಣೆಯ ಮುಖ್ಯ ಭಾಗ ಇದು, ಹೆಚ್ಚು ಕಡಿಮೆ ಹಾಗೇ ಇಡುತ್ತೇನೆ:

‘ಇಳಕಲ್ ಕೈಮಗ್ಗ ಸೀರೆ. ಒಡಲು ಹತ್ತಿ, ಸೆರಗು ಮತ್ತು ಅಂಚು ಆರ್ಟ್ ಸಿಲ್ಕ್ (ರೇಯಾನ್, ರೇಷ್ಮೆ ಅಲ್ಲ). ₹2,650, ಕರ್ನಾಟಕದೊಳಗೆ ಅಂಚೆ ಸೇರಿ. ನಂಬರ್ 2 ಮತ್ತು 5 ಮಾತ್ರ ಉಳಿದಿವೆ.

ನಂಬರ್ 6ರ ಸೆರಗು ಅಪ್ಪಟ ರೇಷ್ಮೆ, ₹4,900.

ಬ್ಲೌಸ್ ಪೀಸ್ ಇಲ್ಲ. ಫಾಲ್ ಹಾಕಿಲ್ಲ. ನಂಬರ್ 2: ಉದ್ದ 5.5 ಮೀಟರ್, ಅಗಲ 48 ಇಂಚು. ನಂಬರ್ 5: ಉದ್ದ 5.4 ಮೀಟರ್, ಅಗಲ ಅಷ್ಟೇ. ಉಟ್ಟು ತೋರಿಸಿದವರ ಎತ್ತರ 5 ಅಡಿ 5 ಇಂಚು.

0:00 ಎಲ್ಲ ಸೀರೆಗಳು ಬಿಸಿಲಲ್ಲಿ
1:40 ಕೊಂಡಿ ಹತ್ತಿರದಿಂದ
2:25 ಕೊಡವ ಶೈಲಿಯಲ್ಲಿ ಉಟ್ಟಾಗ
3:10 ಒದ್ದೆ ಬಟ್ಟೆಯಲ್ಲಿ ಬಣ್ಣ ನೋಡಿದ್ದು.

ಸೆರಗನ್ನು ಒದ್ದೆಯಿರುವಾಗ ಹಿಂಡಬೇಡಿ, ಎಳೆ ಕಡಿಯುತ್ತದೆ. ನೆರಳಲ್ಲಿ ಒಣಗಿಸಿ.

ಬೇಕಾದ ನಂಬರ್ ವಾಟ್ಸಾಪ್ ಮಾಡಿ. ಸೀರೆ ಇದೆ ಅಂತ ನಾನು ಹೇಳುವ ಮುಂಚೆ ಹಣ ಹಾಕಬೇಡಿ. ಕ್ಯಾಶ್ ಆನ್ ಡೆಲಿವರಿ ಇಲ್ಲ. ಬರೆದದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವಿದ್ದರೆ ಐದು ದಿನದೊಳಗೆ ವಾಪಸ್, ಅಂಚೆ ಖರ್ಚು ನನ್ನದು. ಮನಸ್ಸು ಬದಲಾದರೆ ಅಂಚೆ ಖರ್ಚು ನಿಮ್ಮದು. ಮಳೆಗಾಲದಲ್ಲಿ ರಸ್ತೆ ನೋಡಿಕೊಂಡು ಎರಡು ಮೂರು ದಿನ ತಡವಾಗಬಹುದು.’

ಸೀರೆ ಮಾರಿದ ತಕ್ಷಣ ಮೊದಲ ಸಾಲನ್ನು ತಿದ್ದುವುದು ಈಗ ಅಭ್ಯಾಸವಾಗಿದೆ, ಪಾರ್ಸೆಲ್ ಕಟ್ಟುವ ಮುಂಚೆಯೇ. ‘ರೇಷ್ಮೆ ಅಲ್ಲ’ ಅಂತ ಬರೆಯುವಾಗ ಕೈ ನಡುಗಿತ್ತು, ಯಾರು ತೆಗೆದುಕೊಳ್ಳುತ್ತಾರೆ ಅಂತ. ಮೊನ್ನೆ ಗೋಣಿಕೊಪ್ಪದಿಂದ ಒಬ್ಬರು ನಂಬರ್ 5 ಕೇಳಿ, “ರೇಯಾನ್ ಅಂತ ನೋಡಿದೆ, ದಿನಾ ಶಾಲೆಗೆ ಉಡೋಕೆ, ರೇಷ್ಮೆ ಬೇಡವೇ ಬೇಡ, ಮಳೆಯಲ್ಲಿ ನೆನೆದರೆ ಹೊಟ್ಟೆ ಉರಿಯುತ್ತೆ” ಅಂದರು. ನೆನೆದರೆ ರೇಯಾನ್ ಸೆರಗೂ ಜೋಪಾನ, ಹಿಂಡಬೇಡಿ ಅಂತ ಮತ್ತೊಂದು ಸಲ ಹೇಳಿದೆ. ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಹೊರಗೆ ಬಟ್ಟೆ ಹೊಲಿದು, ಮಳೆ ಒಂದು ಗಳಿಗೆ ನಿಂತಾಗ ಅಂಚೆ ಕಚೇರಿಗೆ ಓಡಿದೆ.